ಮಾರ್ಚ್ ಚೀಟಿಯಿಂದ ಎಣಿಸಿ

ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಶಾಲೆಗಳ ಮೇಷ್ಟ್ರುಗಳು ರಿಟರ್ನ್ ಸಲ್ಲಿಸುವ ಹೊತ್ತಿಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸಂಬಳ ಚೀಟಿಗಳನ್ನು ಜೋಡಿಸಿಕೊಂಡು ಕೂರುತ್ತಾರೆ. ಎಡವುವುದು ಅಲ್ಲೇ. ಆಂಧ್ರ ಸರ್ಕಾರದ ಮಾರ್ಚ್ ಸಂಬಳ ಕೈಗೆ ಬರುವುದು ಏಪ್ರಿಲ್‌ನಲ್ಲಿ. ಹಾಗಾಗಿ ತೆರಿಗೆಯ ವರ್ಷಕ್ಕೆ ಸೇರುವುದು ಮಾರ್ಚ್ ಚೀಟಿಯಿಂದ ಫೆಬ್ರವರಿ ಚೀಟಿಯವರೆಗಿನ ಹನ್ನೆರಡು.

2024-25ರ ಒಂದು ಲೆಕ್ಕ ಹಿಡಿಯೋಣ. ಮಡಕಶಿರಾದಲ್ಲಿದ್ದ ಶಿಕ್ಷಕಿಯೊಬ್ಬರಿಗೆ ನಡುವೆ ರಾಯದುರ್ಗಕ್ಕೆ ವರ್ಗವಾಯಿತು ಎನ್ನಿ. ತಿಂಗಳಿಗೆ 3,000 ರೂಪಾಯಿ ಟಿಡಿಎಸ್, ವರ್ಷಕ್ಕೆ 36,000. ಫಾರ್ಮ್ 26ಎಎಸ್‌ನಲ್ಲಿ ಕಾಣುವುದು 27,000 ಮಾತ್ರ. ಎರಡು ಕಚೇರಿಗೆ ಎರಡು ಟ್ಯಾನ್ ಇರುವುದರಿಂದ ಕಳ್ಳ ಬೇಗ ಸಿಗುತ್ತಾನೆ. ಮೊದಲ ಟ್ಯಾನ್‌ನಡಿ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ಚೀಟಿಯ 18,000 ಸರಿಯಾಗಿದೆ. ಎರಡನೆಯದರಲ್ಲಿ 9,000 ಇದೆ. ಸಾಲುಗಳ ದಿನಾಂಕ ನೋಡಿದರೆ ಡಿಸೆಂಬರ್‌ಗೆ ನಿಂತಿವೆ. ಅಂದರೆ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಕೈಗೆ ಬಂದ ಮೂರು ಸಂಬಳದ ಕಡಿತ ದಾಖಲಾಗಿಲ್ಲ. ಒಂದೋ ಕೊನೆಯ ತ್ರೈಮಾಸಿಕದ 24ಕ್ಯೂ ವಿವರಪಟ್ಟಿ ಸಲ್ಲಿಕೆಯಾಗಿಲ್ಲ, ಇಲ್ಲವೇ ಅದರಲ್ಲಿ ಪ್ಯಾನ್ ತಪ್ಪಿದೆ. ಟ್ರೆಜರಿಗೆ ಅಲೆದು ಫಲವಿಲ್ಲ. ತಿದ್ದಬೇಕಾದವರು ರಾಯದುರ್ಗದ ಡಿಡಿಒ.

ಬ್ಯಾಂಕಿನ ಕಡೆ ತಪ್ಪು ತಿರುಗುಮುರುಗಾಗಿರುತ್ತದೆ. ಇದೇ ಶಿಕ್ಷಕಿ ಒಂದೇ ಬ್ಯಾಂಕಿನ ರಾಯದುರ್ಗ ಶಾಖೆಯಲ್ಲಿ 4 ಲಕ್ಷ, ಮಡಕಶಿರಾ ಶಾಖೆಯಲ್ಲಿ 3 ಲಕ್ಷ ಎಫ್‌ಡಿ ಇಟ್ಟಿದ್ದಾರೆ. ಶೇ 7ರಂತೆ ಬಡ್ಡಿ 28,000 ಮತ್ತು 21,000. ಆ ವರ್ಷದ ಮಿತಿ 40,000. ಎರಡೂ ಅದರೊಳಗಿವೆ ಎಂದು ಅವರು ನಿಶ್ಚಿಂತೆಯಿಂದಿದ್ದರು. ಆದರೆ ಕೋರ್ ಬ್ಯಾಂಕಿಂಗ್ ಇರುವ ಬ್ಯಾಂಕು ಶಾಖೆಗಳನ್ನೆಲ್ಲ ಕೂಡಿಸಿಯೇ ನೋಡುತ್ತದೆ. 49,000ಕ್ಕೆ ಶೇ 10ರಂತೆ 4,900 ಕಡಿತವಾಗಿ 26ಎಎಸ್‌ನಲ್ಲಿ ಕೂತಿದೆ. ಕೈಯಲ್ಲಿರುವುದು ರಾಯದುರ್ಗ ಶಾಖೆಯ ಬಡ್ಡಿ ಪ್ರಮಾಣಪತ್ರ ಮಾತ್ರ. 28,000 ಆದಾಯ ತೋರಿಸಿ 4,900 ಕಡಿತ ಕೇಳಿದರೆ ನೋಟಿಸ್ ಬಂದೀತು. ಇನ್ನು ಉಳಿತಾಯ ಖಾತೆಯ ಬಡ್ಡಿಗೆ ಟಿಡಿಎಸ್ ಇಲ್ಲ, ಆದ್ದರಿಂದ ಅದು 26ಎಎಸ್‌ನ ಟಿಡಿಎಸ್ ಪಟ್ಟಿಯಲ್ಲಿ ಇರುವುದಿಲ್ಲ. ಪಾಸ್‌ಬುಕ್ ನೋಡಿ ಆದಾಯಕ್ಕೆ ಸೇರಿಸಿಕೊಳ್ಳಬೇಕು.

ಕಾಣೆಯಾದ 9,000ವನ್ನು ಕೈಯಿಂದ ಕಟ್ಟಿ ಮುಗಿಸಿಬಿಡೋಣ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಸಂಬಳದಿಂದ ಹಿಡಿದ ತೆರಿಗೆಯನ್ನು ಮತ್ತೆ ನೌಕರರಿಂದ ಕೇಳಕೂಡದು ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಕಲಮು ಹೇಳುತ್ತದೆ. ಆದರೂ ಕಂಪ್ಯೂಟರ್ 26ಎಎಸ್ ಬಿಟ್ಟು ಬೇರೇನನ್ನೂ ನಂಬುವುದಿಲ್ಲ. ಡಿಮ್ಯಾಂಡ್ ಬರುವುದು ಮೇಡಂ ಹೆಸರಿಗೇ. ಆದ್ದರಿಂದ ಆ ಮೂರು ಚೀಟಿಗಳ ನಕಲು ಲಗತ್ತಿಸಿ ಡಿಡಿಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯ ತ್ರೈಮಾಸಿಕದ 24ಕ್ಯೂಗೆ ಗಡುವು ಮೇ 31. ಅದು ಮೀರಿದರೆ ದಿನಕ್ಕೆ 200 ರೂಪಾಯಿಯಂತೆ ಶುಲ್ಕ ತೆರಬೇಕಾದವರು ಡಿಡಿಒ, ಶಿಕ್ಷಕರಲ್ಲ.