144pಯಲ್ಲಿ ನೋಡುವವರು ಯಾಕೆ ಹಾಗೆ ನೋಡುತ್ತಾರೆ?

ಕಳೆದ ಮಳೆಗಾಲದ ಒಂದು ಸಂಜೆ ನಂಜನಗೂಡು ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಕೂತಿದ್ದರು. ಕಬಿನಿಯಿಂದ ನೀರು ಬಿಟ್ಟ ಸುದ್ದಿಯ ವಿಡಿಯೊ ಅದು. ಎಷ್ಟು ಕ್ಯೂಸೆಕ್ ಎಂಬುದು ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡುತ್ತಿತ್ತು. "ನೋಡಪ್ಪ, ಇದು ಇಪ್ಪತ್ತೈದೋ ಎಂಬತ್ತೈದೋ?" ಎಂದು ನಮ್ಮನ್ನು ಕೇಳಿದರು. ನಾವೂ ನೋಡಿದೆವು, ನಮಗೂ ಗೊತ್ತಾಗಲಿಲ್ಲ. ವಿಡಿಯೊ 144pಯಲ್ಲಿ ಓಡುತ್ತಿತ್ತು.

ಇದು ಸಣ್ಣ ವಿಷಯವಲ್ಲ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ಮೈಸೂರು–ನಂಜನಗೂಡು ರಸ್ತೆಯ ಮೇಲೇ ನೀರು ಬಂದಿತ್ತು. ಹೊಳೆದಂಡೆಯವರಿಗೆ ಇಪ್ಪತ್ತೈದು ಸಾವಿರಕ್ಕೂ ಎಂಬತ್ತೈದು ಸಾವಿರಕ್ಕೂ ಇರುವ ವ್ಯತ್ಯಾಸವೆಂದರೆ ಮನೆಯಲ್ಲಿ ಇರುವುದಕ್ಕೂ ಮನೆ ಬಿಡುವುದಕ್ಕೂ ಇರುವ ವ್ಯತ್ಯಾಸ.

"ಹಳ್ಳಿಯವರಿಗೆ ಕ್ವಾಲಿಟಿ ಬೇಕಿಲ್ಲ, ಹೆಂಗಿದ್ರೂ ನೋಡ್ತಾರೆ" ಎನ್ನುವವರು ನಮ್ಮ ಕಸುಬಿನಲ್ಲೂ ಇದ್ದಾರೆ. ನಾವು ಒಪ್ಪುವುದಿಲ್ಲ. ಮಸುಕು ಚಿತ್ರ ಯಾರ ಅಭಿರುಚಿಯೂ ಅಲ್ಲ. ಜನ ಆರಿಸಿಕೊಂಡ ರೆಸಲ್ಯೂಷನ್ ಅವರ ಊರಿಗೆ ಎಷ್ಟು ನೆಟ್ ತಲುಪುತ್ತಿದೆ ಎಂಬುದರ ಅಳತೆ. ಆದರೆ ಅದನ್ನು ಸರಿಯಾಗಿ ಓದಬೇಕು. ಯಾಕೆಂದರೆ 144p ಹಿಂದೆ ಎರಡು ಬೇರೆ ಬೇರೆ ಕಾರಣ ಇರಬಹುದು.

ಮೊದಲನೆಯದು ದಿನದ ಡೇಟಾ. ಯೂಟ್ಯೂಬ್ ಹೇಳುವ ಪ್ರಕಾರ 360pಗೆ ಸುಮಾರು 0.7 ಎಂಬಿಪಿಎಸ್ ವೇಗ ಬೇಕು, 720pಗೆ 2.5. ಆ ವೇಗದಲ್ಲೇ ಒಂದು ಗಂಟೆ ಹರಿದರೆ 360pಗೆ ಸುಮಾರು 315 ಎಂಬಿ ಆಗುತ್ತದೆ, 720pಗೆ 1.1 ಜಿಬಿ ದಾಟುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿದವರಿಗೆ 720pಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಮಾತ್ರ ಸಿಗುತ್ತದೆ. ಅದೇ 360pಯಲ್ಲಿ ನಾಲ್ಕೂಮುಕ್ಕಾಲು ಗಂಟೆ. ಮನೆಯಲ್ಲಿ ಒಂದೇ ಫೋನು, ಮಗಳ ಆನ್‌ಲೈನ್ ಪಾಠವೂ ಅದರಲ್ಲೇ ಆಗಬೇಕು ಎಂದರೆ ಯಾರಾದರೂ ಕೈಯಾರೆ ಕೆಳಗಿಳಿಸುತ್ತಾರೆ. ತಿ. ನರಸೀಪುರದ ಹುಡುಗನೊಬ್ಬ ನಮಗೆ ಹೇಳಿದ್ದು ಇಷ್ಟೇ: "ಎಚ್‌ಡೀಲಿ ಹಾಕುದ್ರೆ ಮಧ್ಯಾಹ್ನಕ್ಕೇ ನೆಟ್ ಖಾಲಿ ಆಯ್ತದಣ್ಣ."

ಖಾಲಿಯಾದ ಮೇಲೆ ಏನಾಗುತ್ತದೆ? ಹೆಚ್ಚಿನ ಪ್ಯಾಕ್‌ಗಳಲ್ಲಿ ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ 360pಗೆ ಬೇಕಾದ ವೇಗದ ಹತ್ತನೇ ಒಂದು ಭಾಗಕ್ಕೂ ಕಡಿಮೆ. ವಾಟ್ಸಾಪ್ ಸಂದೇಶ ಹೇಗೋ ಹೋಗುತ್ತದೆ, ವಿಡಿಯೊ 144pಯಲ್ಲೂ ಸುತ್ತುತ್ತಲೇ ಇರುತ್ತದೆ.

ಎರಡನೆಯದು ಟವರ್ ಮೇಲಿನ ಹೊರೆ. ಟವರ್ ಕಾಣಿಸುತ್ತದೆ, ಕಡ್ಡಿ ಪೂರ್ತಿ ಇದೆ, ಆದರೂ ವಿಡಿಯೊ ಓಡುವುದಿಲ್ಲ ಎಂಬುದು ನಮ್ಮ ಕಡೆಯ ಸಾಮಾನ್ಯ ದೂರು. ಕಡ್ಡಿ ತೋರಿಸುವುದು ಸಿಗ್ನಲ್ ಎಷ್ಟು ಗಟ್ಟಿ ಎಂಬುದನ್ನು. ನಿಮ್ಮ ಪಾಲಿಗೆ ಎಷ್ಟು ವೇಗ ಬರುತ್ತದೆ ಎಂದು ಅದು ಹೇಳುವುದಿಲ್ಲ. ಟವರ್‌ನ ಒಂದು ದಿಕ್ಕಿನ ಆಂಟೆನಾ ಎಲ್ಲರಿಗೂ ಸೇರಿ 20 ಎಂಬಿಪಿಎಸ್ ಕೊಡುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಳಗಿನ ಜಾವ ಐದು ಜನ ನೋಡುತ್ತಿದ್ದರೆ ತಲೆಗೆ 4 ಎಂಬಿಪಿಎಸ್, 720p ಸಲೀಸು. ರಾತ್ರಿ ಎಂಟೂವರೆಗೆ ಗದ್ದೆ ಕೆಲಸ ಮುಗಿಸಿ ನಲವತ್ತು ಜನ ಒಟ್ಟಿಗೆ ನೋಡಲು ಕೂತರೆ ತಲೆಗೆ ಅರ್ಧ ಎಂಬಿಪಿಎಸ್. 360pಗೂ ಅದು ಸಾಲದು. ಕಾಲುವೆಯ ಕೊನೆಯ ಗದ್ದೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಆ್ಯಪ್ ತಾನೇ ಕೆಳಗಿಳಿಯುತ್ತದೆ. ವಿಡಿಯೊ ಇಡಿಯಾಗಿ ಬರುವುದಿಲ್ಲ, ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಪ್ರತಿ ತುಂಡೂ ಹಲವು ರೆಸಲ್ಯೂಷನ್‌ಗಳಲ್ಲಿ ತಯಾರಿರುತ್ತದೆ. ಹಿಂದಿನ ತುಂಡು ಬೇಗ ಬಂದರೆ ಆ್ಯಪ್ ಮುಂದಿನದನ್ನು ಮೇಲಿನ ಮಟ್ಟದಲ್ಲಿ ಕೇಳುತ್ತದೆ, ತಡವಾದರೆ ಕೆಳಗಿನ ಮಟ್ಟದಲ್ಲಿ ಕೇಳುತ್ತದೆ. Auto ಎಂದರೆ ಇದೇ. ಹಾಗಾಗಿ ಕೈಯಾರೆ ಇಟ್ಟ 144p ಡೇಟಾ ಉಳಿಸುವ ಚಿಂತೆಯನ್ನು ಹೇಳುತ್ತದೆ, Auto ತಾನಾಗಿ ಇಳಿದ 144p ದಾರಿ ಕಿರಿದಾಗಿರುವುದನ್ನು ಹೇಳುತ್ತದೆ.

ನಿಮ್ಮ ಮನೆಯಲ್ಲಿ ಯಾವುದು ಎಂದು ನೀವೇ ನೋಡಬಹುದು. ಕ್ವಾಲಿಟಿಯನ್ನು Autoಗೆ ಇಟ್ಟು, ದಿನದ ಡೇಟಾ ಉಳಿದಿರುವಾಗ, ಒಂದೇ ವಿಡಿಯೊವನ್ನು ಒಂದೇ ಜಾಗದಲ್ಲಿ ಕೂತು ಬೆಳಿಗ್ಗೆ ಐದಕ್ಕೆ ಮತ್ತು ರಾತ್ರಿ ಎಂಟೂವರೆಗೆ ಹಾಕಿ. ಬೆಳಿಗ್ಗೆ 720pಗೆ ಏರಿ ರಾತ್ರಿ 240pಗೆ ಇಳಿದರೆ ತೊಂದರೆ ಟವರ್ ಮೇಲಿನ ಜನಸಂದಣಿ. ಎರಡೂ ಹೊತ್ತು ಕೆಳಗೇ ಇದ್ದು, ಮನೆಯಿಂದ ಬಯಲಿಗೆ ಬಂದ ಕೂಡಲೇ ಏರಿದರೆ ಸಿಗ್ನಲ್ ದೂರ. ಎಲ್ಲಿ ಹೋದರೂ ಸುತ್ತುತ್ತಿದ್ದು, ಮಧ್ಯರಾತ್ರಿ ಹೊಸ ದಿನದ ಡೇಟಾ ಸೇರಿದ ಮೇಲೆ ಸರಿಹೋದರೆ ಅದು ಪ್ಯಾಕ್ ಮುಗಿದಿದ್ದ ಲಕ್ಷಣ. ವೇಗದ ಅಂಕಿ ಬೇಕಿದ್ದರೆ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಇದೆ.

ರೆಸಲ್ಯೂಷನ್ ಇಳಿಸಿದರೆ ಹೊರೆ ಇಳಿಯುತ್ತದೆ ಎಂದು ಕಂಪನಿಗಳಿಗೂ ಗೊತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಇಡೀ ದೇಶ ಫೋನ್ ಹಿಡಿದು ಕೂತಾಗ ವಿಡಿಯೊ ಕಂಪನಿಗಳೆಲ್ಲ ಸೇರಿ ಮೊಬೈಲ್ ನೆಟ್‌ವರ್ಕ್‌ನಲ್ಲಿ 480pಗಿಂತ ಮೇಲೆ ಕೊಡುವುದಿಲ್ಲ ಎಂದು ತೀರ್ಮಾನಿಸಿದವು. ನಗರದವರಿಗೆ ಅದು ಕೆಲವು ತಿಂಗಳ ಕಿರಿಕಿರಿ. ನಮ್ಮ ತಾಲ್ಲೂಕುಗಳಲ್ಲಿ ಅದಕ್ಕಿಂತ ಬಿಗಿಯಾದ ಮಿತಿ ದಿನಾ ರಾತ್ರಿ ಇದೆ, ಯಾರೂ ಘೋಷಣೆ ಮಾಡಿಲ್ಲ ಅಷ್ಟೇ.

2023ರ ಜನವರಿಯಿಂದ ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು. ಅದಕ್ಕೆ ಮೊದಲು 512 ಕೆಬಿಪಿಎಸ್ ಸಾಕಿತ್ತು. ಮೇಲೆ ನಲವತ್ತು ಜನರ ಲೆಕ್ಕದಲ್ಲಿ ಬಂದ ಅರ್ಧ ಎಂಬಿಪಿಎಸ್ ಸರಿಸುಮಾರು ಆ ಹಳೆಯ ಅಳತೆಯೇ. ಕವರೇಜ್ ನಕ್ಷೆಯಲ್ಲಿ ಊರಿಗೆ ಬಣ್ಣ ತುಂಬಿದರೆ ಸಾಲದು. ರಾತ್ರಿ ಎಂಟರಿಂದ ಹತ್ತರವರೆಗೆ ಎಷ್ಟು ವೇಗ ಸಿಗುತ್ತದೆ ಎಂದು ಊರೂರಿಗೆ ಅಳೆದು ಹೇಳಬೇಕು. ದೂರು ಕೊಡುವಾಗ ನೀವೂ "ನೆಟ್ ಸ್ಲೋ" ಎಂದಷ್ಟೇ ಬರೆಯಬೇಡಿ. ಎರಡು ಹೊತ್ತಿನ ವೇಗವನ್ನು ದಿನಾಂಕ, ಸಮಯ, ಜಾಗದ ಜೊತೆ ಬರೆಯಿರಿ. ಐದು ಮನೆಯವರು ಹಾಗೆ ಬರೆದರೆ, ತೊಂದರೆ ನಿಮ್ಮ ಫೋನಿನಲ್ಲಿದೆ ಎಂದು ಸಾಗಹಾಕುವುದು ಕಷ್ಟ.

ಕೊನೆಗೆ ನಮ್ಮ ತಪ್ಪನ್ನೂ ಹೇಳಬೇಕು. ನಾವು ವಿಡಿಯೊ ಎಡಿಟ್ ಮಾಡುವುದು 1080pಯಲ್ಲಿ. ಅಲ್ಲಿ 40 ಗೆರೆ ಎತ್ತರದ ಅಕ್ಷರ ಚೆನ್ನಾಗಿಯೇ ಕಾಣುತ್ತದೆ. ಅದು 144pಗೆ ಇಳಿದಾಗ ಉಳಿಯುವುದು ಐದೇ ಗೆರೆ. ಕೆಳಗೆ ಒತ್ತು, ಮೇಲೆ ಗುಣಿತ ಇರುವ ಕನ್ನಡ ಅಕ್ಷರ ಐದು ಗೆರೆಯಲ್ಲಿ ಬರೀ ಮಸಿಯ ಚುಕ್ಕೆ. 2ಕ್ಕೂ 8ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಚಿತ್ರ ಎಷ್ಟು ಕೆಟ್ಟರೂ ಮಾತು ಕೇಳಿಸುತ್ತದೆ. ಆದ್ದರಿಂದ ನೀರಿನ ಮಟ್ಟ, ಭತ್ತದ ದರ, ಪರೀಕ್ಷೆಯ ದಿನಾಂಕ ಏನೇ ಇದ್ದರೂ ಅಂಕಿಯನ್ನು ಎರಡು ಸಲ ಬಾಯಲ್ಲಿ ಹೇಳಬೇಕು, ಪರದೆಯ ಮೇಲೆ ಅದೊಂದನ್ನೇ 120 ಗೆರೆಗೆ ಕಡಿಮೆಯಿಲ್ಲದಂತೆ ದೊಡ್ಡದಾಗಿ ಹಾಕಬೇಕು, ವಿವರಣೆಯಲ್ಲೂ ಬರೆಯಬೇಕು. ಈಗ ನಾವು ಪ್ರತಿ ವಿಡಿಯೊ ಹಾಕುವ ಮೊದಲು ಒಂದು ಸಲ 144pಯಲ್ಲಿ ನೋಡುತ್ತೇವೆ.

ಆವತ್ತು ಆ ಹಿರಿಯರಿಗೆ ನಾವು ಕಚೇರಿಗೆ ಫೋನ್ ಮಾಡಿ ವಿಚಾರಿಸಿ ಹೇಳಿದೆವು. ಇಪ್ಪತ್ತೈದು ಸಾವಿರ. "ಹಂಗಾದ್ರೆ ಇವತ್ತು ಮನೇಲೇ ಮಲಗಬಹುದು" ಎಂದು ಎದ್ದು ಹೋದರು. ಆ ವಿಡಿಯೊ ನಾವೇ ಮಾಡಿದ್ದು ಎಂದು ಅವರಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ.