ಅತ್ತೆ ಪಿಂಚಣಿಗೆ ಬರೆದ ಐದು ಪ್ಯಾರಾ ಇಮೇಲು

ನಮ್ಮ ಕಡೆಯವರಿಗೆ ಕಾಗದ ಅಂದ್ರೆ ಮೊದಲು ಕ್ಷೇಮ ಸಮಾಚಾರ ಬರಬೇಕು. ನಮ್ಮಮ್ಮ ಇನ್‌ಲ್ಯಾಂಡ್ ಲೆಟರ್ ಬರೀತಿದ್ದಾಗ ಮಳೆ, ಬೆಳೆ, ಹಸು ಕರು ಹಾಕಿದ್ದು ಎಲ್ಲಾ ಆಗಿ, ಕೊನೇಲಿ ಮಡಿಸೋ ಅಂಚಿನಲ್ಲಿ ಅಡ್ಡಡ್ಡ ಬರೀತಿದ್ರು, "ಮುಂದಿನ ಗುರುವಾರ ಬರ್ತಿದೀವಿ" ಅಂತ. ಓದೋರು ನಾವೇ ಆದ್ದರಿಂದ ಅಂಚಿನ ತನಕ ಓದ್ತಿದ್ವಿ. ಈ ಅಭ್ಯಾಸಾನ ಆಫೀಸಿಗೆ ಬರೆಯೋ ಇಮೇಲಿಗೂ ತಗೊಂಡು ಹೋದ್ರೆ ಏನಾಗುತ್ತೆ ಅಂತ ನನಗೆ 2025ರ ಫೆಬ್ರವರಿಯಲ್ಲಿ ಗೊತ್ತಾಯ್ತು.

ನಮ್ಮತ್ತೆ ಇರೋದು ಚನ್ನರಾಯಪಟ್ಟಣದಲ್ಲಿ, ನಾವು ಹಾಸನದಲ್ಲಿ. ಮಾವನವರು ಹೋದ ಮೇಲೆ ಅತ್ತೆಗೆ ಕುಟುಂಬ ಪಿಂಚಣಿ ಬರುತ್ತೆ. ಪಿಂಚಣಿಯವರು ವರ್ಷಕ್ಕೊಂದು ಸಲ, ನವೆಂಬರಿನಲ್ಲಿ, "ಇನ್ನೂ ಇದ್ದೀನಿ" ಅಂತ ಜೀವಿತ ಪ್ರಮಾಣ ಪತ್ರ ಕೊಡಬೇಕಲ್ವಾ, ಅದನ್ನ ಪೋಸ್ಟ್‌ಮ್ಯಾನ್ ಕೈಲಿ ಮನೇಲೇ ಮಾಡಿಸಿದ್ವಿ. ಆದ್ರೂ ಡಿಸೆಂಬರಿಂದ ದುಡ್ಡು ನಿಂತುಹೋಯ್ತು. ನಾನು ಒಂದು ಮಧ್ಯಾಹ್ನವೆಲ್ಲಾ ಕೂತು ಬ್ಯಾಂಕಿಗೆ ಇಮೇಲ್ ಬರೆದೆ. ವಿಷಯ ಅನ್ನೋ ಜಾಗದಲ್ಲಿ "ತುರ್ತು ವಿನಂತಿ" ಅಂತ ಹಾಕಿದೆ. ಬರೆದದ್ದು ಹೀಗಿತ್ತು:

"ಮಾನ್ಯರೇ, ನಮಸ್ಕಾರ. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಬ್ಯಾಂಕಿನೊಂದಿಗೆ ನಮ್ಮ ಕುಟುಂಬದ ಸಂಬಂಧ ಇಂದು ನಿನ್ನೆಯದಲ್ಲ. ನಮ್ಮ ಮಾವನವರು ಅಂಚೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿ, ತಮ್ಮ ಶಾಖೆಯಲ್ಲೇ ಪಿಂಚಣಿ ಪಡೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆಯವರಿಗೆ ಕುಟುಂಬ ಪಿಂಚಣಿ ಬರುತ್ತಿದೆ.

ಅತ್ತೆಯವರಿಗೆ ಈಗ 83 ವರ್ಷ. ಹೋದ ವರ್ಷ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಅಂದಿನಿಂದ ಹಾಸಿಗೆ ಬಿಟ್ಟು ಏಳಲಾರರು. ಔಷಧಿಯ ಖರ್ಚೆಲ್ಲ ಪಿಂಚಣಿಯಿಂದಲೇ ನಡೆಯಬೇಕು. ಇದು ತಮಗೂ ಅರ್ಥವಾಗುತ್ತದೆ ಎಂದು ನಂಬಿದ್ದೇನೆ.

ಹೀಗಿರುವಾಗ ಡಿಸೆಂಬರ್ ತಿಂಗಳ ಪಿಂಚಣಿ ಬರಲಿಲ್ಲ. ತಡವಾಗಿರಬಹುದು ಎಂದು ಕಾದೆವು. ಜನವರಿಯದೂ ಬರಲಿಲ್ಲ. ನಾನೇ ಎರಡು ಸಲ ಬ್ಯಾಂಕಿಗೆ ಬಂದು ವಿಚಾರಿಸಿದೆ. ಒಬ್ಬರು ನಾಳೆ ಬನ್ನಿ ಎಂದರು, ಇನ್ನೊಬ್ಬರು ಸಿಸ್ಟಮ್ ಡೌನ್ ಎಂದರು. ಬಹಳ ಬೇಸರವಾಯಿತು.

ಜೀವಿತ ಪ್ರಮಾಣ ಪತ್ರವನ್ನು ನಾವು ಕೊಡದೆ ಇಲ್ಲ. 12 ನವೆಂಬರ್ 2024ರಂದು ಪೋಸ್ಟ್‌ಮ್ಯಾನ್ ಮನೆಗೇ ಬಂದು ಡಿಜಿಟಲ್ ಆಗಿ ಮಾಡಿಕೊಟ್ಟು ಹೋಗಿದ್ದಾರೆ. ಅದರ ಪ್ರಮಾಣ್ ಐಡಿ ......... ಎಂದು ಮೊಬೈಲಿಗೆ ಮೆಸೇಜೂ ಬಂದಿದೆ. ಪಿ.ಪಿ.ಒ. ನಂಬರ್ ........., ಖಾತೆಯ ಕೊನೆಯ ನಾಲ್ಕು ಅಂಕಿ .........

ಆದ್ದರಿಂದ ತಾವು ದಯಮಾಡಿ ಈ ಬಗ್ಗೆ ಗಮನ ಹರಿಸಿ, ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ. ತಪ್ಪೇನಾದರೂ ಬರೆದಿದ್ದರೆ ಕ್ಷಮಿಸಿ. ತಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ."

ಮೂರನೇ ದಿನಕ್ಕೆ ಒಂದೇ ಸಾಲಿನ ಉತ್ತರ ಬಂತು: ಜೀವಿತ ಪ್ರಮಾಣ ಪತ್ರವನ್ನು ಶಾಖೆಗೆ ಸಲ್ಲಿಸಿ. ನನಗೆ ಮೈಯೆಲ್ಲಾ ಉರಿದುಹೋಯ್ತು. ಕೊಟ್ಟಿದೀವಿ ಅಂತ ತಾನೇ ನಾನು ಬರೆದಿದ್ದು! ಅರಕಲಗೂಡಿನಲ್ಲಿರೋ ನಮ್ಮಕ್ಕನ ಮಗಳು ಒಂದು ಆಫೀಸಿನಲ್ಲಿ ಟಪಾಲು, ಇಮೇಲು ನೋಡೋ ಕೆಲಸದಲ್ಲಿದಾಳೆ. ಅವಳಿಗೆ ಫೋನ್ ಮಾಡಿ ಬೈದುಕೊಂಡೆ. ಅವಳು ಇಮೇಲ್ ಕಳಿಸಿ ಅಂತ ಹೇಳಿ, ಓದಿ ಅಂದ್ಲು, "ಚಿಕ್ಕಮ್ಮಾ, ಕೊಟ್ಟಿದೀವಿ ಅನ್ನೋದು ನಾಲ್ಕನೇ ಪ್ಯಾರಾದಲ್ಲಿದೆ. ಪಿಂಚಣಿ ನಿಂತಿದೆ ಅನ್ನೋದೇ ಮೂರನೇದರಲ್ಲಿ. ಅವರು ಅಲ್ಲೀತನಕ ಬಂದಿರೋದೇ ಹೆಚ್ಚು. ಪಿಂಚಣಿ ನಿಂತಿದೆ ಅಂದ ತಕ್ಷಣ ಎಲ್ಲರಿಗೂ ಹೇಳೋ ಮಾತೇ ಹೇಳಿದಾರೆ."

ಆಮೇಲೆ ಅವಳು ಹೇಳಿದ್ದು ನನಗೆ ಸರಿಯಾಗಿ ನಾಟಿತು. ಇಮೇಲ್ ಓದೋರು ಅದನ್ನ ಕತೆ ಥರ ಓದೋಲ್ಲ. ಅವರ ಮುಂದೆ ಇನ್ನೊಂದು ಪರದೆ ತೆರೆದಿರುತ್ತೆ, ಅದರಲ್ಲಿ ಒಂದು ನಂಬರ್ ಒತ್ತಬೇಕು. ಆ ನಂಬರ್ ಎಲ್ಲಿದೆ ಅಂತ ಹುಡುಕ್ತಿರ್ತಾರೆ.

ಅವಳು ಹೇಳಿಕೊಟ್ಟ ಕ್ರಮ ಇಷ್ಟೆ. ಬರೆದದ್ದನ್ನ ಒಂದು ಹಾಳೇಲಿ ಇಳಿಸಿಕೊಂಡು ಪೆನ್ಸಿಲ್ ತಗೊಳ್ಳೋದು. ಅವರು ಹುಡುಕೋಕೆ ಒತ್ತಬೇಕಾದ್ದಕ್ಕೆಲ್ಲಾ ಸುತ್ತು ಹಾಕೋದು: ಪಿ.ಪಿ.ಒ. ನಂಬರ್, ಅಂದ್ರೆ ಪಿಂಚಣಿ ಆದೇಶದ ನಂಬರ್, ಪ್ರಮಾಣ್ ಐಡಿ, ಖಾತೆಯ ಕೊನೇ ಅಂಕಿಗಳು, ತಾರೀಖು. ಅವರು ಏನು ಮಾಡಬೇಕು ಅಂತ ತೀರ್ಮಾನ ಮಾಡೋಕೆ ಬೇಕಾದ್ದಕ್ಕೆ ಕೆಳಗೆ ಗೆರೆ ಎಳೆಯೋದು: ಯಾವ ತಿಂಗಳು ಬಂದಿಲ್ಲ, ಪತ್ರ ಆಗಲೇ ಕೊಟ್ಟಾಗಿದೆ. ಇವೆರಡೂ ಅಲ್ಲದ್ದು ನಮ್ಮ ಸಮಾಧಾನಕ್ಕೆ ಬರೆದದ್ದು, ಅದು ಹೋಗಲಿ. ಸೊಪ್ಪು ಬಿಡಿಸಿದ ಹಾಗೆ, ದಂಟು ಬೇರೆ ಎಲೆ ಬೇರೆ.

ನಾನು ಹಾಗೇ ಮಾಡಿದೆ. ಮೊದಲನೇ ಪ್ಯಾರಾದಲ್ಲಿ "ಕುಟುಂಬ ಪಿಂಚಣಿ" ಅನ್ನೋ ಎರಡು ಪದ ಉಳೀತು. ಎರಡನೇದು ಪೂರ್ತಿ ಹೋಯ್ತು. ಮೂರನೇದರಲ್ಲಿ ತಿಂಗಳ ಹೆಸರು ಉಳೀತು. ನಾಲ್ಕನೇದು ಹೆಚ್ಚೂ ಕಮ್ಮಿ ಪೂರ್ತಿ ಉಳೀತು. ಐದನೇದರಲ್ಲಿ ಏನೂ ಉಳೀಲಿಲ್ಲ ಕಣ್ರೀ. "ಸೂಕ್ತ ಕ್ರಮ" ಅಂದ್ರೆ ಯಾವ ಕ್ರಮ? ನನಗೆ ಬೇಕಾಗಿದ್ದು ಎರಡು ತಿಂಗಳ ದುಡ್ಡು. ಅದನ್ನ ನಾನು ಎಲ್ಲೂ ಕೇಳೇ ಇರಲಿಲ್ಲ. ಇನ್ನೂ ನಾಚಿಕೆ ಆಗಿದ್ದು ಏನಂದ್ರೆ, ಅಷ್ಟುದ್ದ ಬರೆದೂ ಅತ್ತೆ ಹೆಸರೇ ಹಾಕಿರಲಿಲ್ಲ, ನನ್ನ ಫೋನ್ ನಂಬರೂ ಇರಲಿಲ್ಲ.

ಆದ್ರೆ ಕತ್ತರಿಸೋ ಹುರುಪಿನಲ್ಲಿ ಒಂದು ತಪ್ಪು ಮಾಡಿದ್ದೆ. ಕಳಿಸೋಕೆ ಮುಂಚೆ ಅವಳಿಗೆ ಓದಿ ಹೇಳಿದಾಗ ಕೇಳಿದ್ಲು, "ಇದನ್ನ ಓದಿ ಅವರು ಅಜ್ಜೀನ ಬ್ಯಾಂಕಿಗೆ ಕರಕೊಂಡು ಬನ್ನಿ ಅಂದ್ರೆ?" ಹೌದಲ್ಲ! ಅತ್ತೆ ಹಾಸಿಗೆ ಹಿಡಿದಿರೋದನ್ನ ನಾನು ಗೋಳು ಅಂತ ತೆಗೆದುಬಿಟ್ಟಿದ್ದೆ. ಬಚ್ಚಲಲ್ಲಿ ಜಾರಿದ್ದು, ಮೂಳೆ ಮುರಿದದ್ದು ಅವರಿಗೆ ಬೇಡ. ಬರೋಕಾಗಲ್ಲ ಅನ್ನೋದು ಬೇಕು. ಒಂದೇ ಪ್ಯಾರಾದೊಳಗೆ ಅಕ್ಕಪಕ್ಕದಲ್ಲೇ ಬೇಡದ್ದೂ ಬೇಕಾದ್ದೂ ಕೂತಿರುತ್ತೆ. ಅದಕ್ಕೇ ಪ್ಯಾರಾ ಪ್ಯಾರಾನೇ ಎತ್ತಿ ಬಿಸಾಕಬಾರದು, ಒಂದೊಂದು ವಾಕ್ಯವಾಗಿ ನೋಡಬೇಕು.

ಕೊನೆಗೆ ಕಳಿಸಿದ್ದು ಇದು. ವಿಷಯದ ಜಾಗದಲ್ಲಿ: "ಡಿಸೆಂಬರ್, ಜನವರಿ ಕುಟುಂಬ ಪಿಂಚಣಿ ಬಂದಿಲ್ಲ, ಪಿ.ಪಿ.ಒ. ........."

"ಮಾನ್ಯರೇ, ನಮ್ಮ ಅತ್ತೆ ಶ್ರೀಮತಿ ......... ಅವರ ಕುಟುಂಬ ಪಿಂಚಣಿ 2024 ಡಿಸೆಂಬರ್ ಮತ್ತು 2025 ಜನವರಿ ತಿಂಗಳದ್ದು ಜಮಾ ಆಗಿಲ್ಲ. ಬಾಕಿ ಎರಡು ತಿಂಗಳ ಹಣ ಜಮಾ ಮಾಡಿ. ಆಗದಿದ್ದರೆ ಕಾರಣ ತಿಳಿಸಿ.

ಜೀವಿತ ಪ್ರಮಾಣ ಪತ್ರ 12 ನವೆಂಬರ್ 2024ರಂದು ಡಿಜಿಟಲ್ ಆಗಿ ಕೊಟ್ಟಾಗಿದೆ. ಪ್ರಮಾಣ್ ಐಡಿ: ......... ಪಿ.ಪಿ.ಒ. ನಂಬರ್: ......... ಖಾತೆಯ ಕೊನೆಯ ನಾಲ್ಕು ಅಂಕಿ: ......... ಪತ್ರದ ಪ್ರತಿ ಲಗತ್ತಿಸಿದೆ.

ಅವರಿಗೆ 83 ವರ್ಷ, ಹಾಸಿಗೆ ಹಿಡಿದಿದ್ದಾರೆ, ಬ್ಯಾಂಕಿಗೆ ಬರಲಾಗದು. ಮತ್ತೆ ಪರಿಶೀಲನೆ ಬೇಕಿದ್ದರೆ ಮನೆಗೇ ಬರಬೇಕಾಗುತ್ತದೆ. ನನ್ನ ಫೋನ್: ........."

ಎಣಿಸಿ ನೋಡಿದೆ. ಮೊದಲಿನದು 135 ಪದ, ಇದು 63. ಅತ್ತೆ ಹೆಸರು, ನನ್ನ ಫೋನು, ಪತ್ರದ ಪ್ರತಿ ಹೊಸದಾಗಿ ಸೇರಿಸಿಯೂ ಅರ್ಧಕ್ಕಿಂತ ಕಮ್ಮಿ. ಖಾತೆ ನಂಬರ್ ಪೂರ್ತಿ ಹಾಕಿಲ್ಲ ನೋಡಿ, ಪಿ.ಪಿ.ಒ. ಇದ್ದ ಮೇಲೆ ಕೊನೇ ನಾಲ್ಕು ಅಂಕಿ ಸಾಕು. ಆಧಾರ್ ನಂಬರ್, ಓಟಿಪಿ ಯಾವ ಇಮೇಲಿಗೂ ಹಾಕಬೇಡಿ.

ಹೊಳೆನರಸೀಪುರದ ನಮ್ಮ ನಾದಿನಿಗೆ ಇದನ್ನ ತೋರಿಸಿದಾಗ ಮುಖ ಸಣ್ಣಗಾಯ್ತು. "ಅತ್ತಿಗೆ, ಅಮ್ಮನ ವಿಷಯ ಇಷ್ಟು ಒಣಗಿಸಿ ಬರೆಯೋದಾ? ನಮ್ಮ ಕಷ್ಟ ಅವರಿಗೆ ತಿಳೀಬೇಡ್ವಾ?" ಅಂದ್ಲು. ಅವಳ ಮಾತು ಪೂರ್ತಿ ತಪ್ಪಲ್ಲ. ನೆಂಟರಿಗೆ ಬರೆಯೋವಾಗ ಕಷ್ಟಾನೇ ಸುದ್ದಿ, ಅಲ್ಲಿ ಒಂದು ಪದಾನೂ ಕತ್ತರಿಸಬಾರದು. ಆದ್ರೆ ಬ್ಯಾಂಕಿನಲ್ಲಿ ಕೂತಿರೋ ಹುಡುಗನಿಗೆ ಕರುಳು ಚುರ್ ಅಂದ್ರೂ, ನಂಬರ್ ಸಿಗದೆ ಅವನು ಏನೂ ಮಾಡೋ ಹಾಗಿಲ್ಲ.

ಓದೋರು ಬದಲಾದ್ರೆ ಬೇಕಾದ್ದೂ ಬದಲಾಗುತ್ತೆ ಅನ್ನೋದೂ ಅವಳಿಗೆ ಹೇಳಿದೆ. ನಾನು ಎರಡು ಸಲ ಬ್ಯಾಂಕಿಗೆ ಹೋಗಿದ್ದನ್ನ ಈ ಇಮೇಲಿಂದ ತೆಗೆದೆ, ಯಾಕಂದ್ರೆ ಅದರಿಂದ ಶಾಖೆಯವರಿಗೆ ಕೆಲಸ ಏನೂ ಇಲ್ಲ. ಆದ್ರೆ ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದ್ರೂ ಉತ್ತರ ಬರದೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯೋ ಹಾಗಾದ್ರೆ, ಯಾವತ್ತು ದೂರು ಕೊಟ್ಟೆ, ಏನು ಉತ್ತರ ಬಂತು ಅನ್ನೋದೇ ಅಲ್ಲಿ ಮುಖ್ಯ. ಅದಕ್ಕೇ ತೆಗೆದದ್ದನ್ನ ಅಳಿಸಬೇಡಿ. ಆ ಹಾಳೆ ಪಾಸ್‌ಬುಕ್ ಜೊತೆ ಇಟ್ಟಿರಿ.

ಮಾರನೇ ದಿನ ಬ್ಯಾಂಕಿಂದ ಫೋನ್ ಬಂತು. ಪತ್ರ ಬಂದಿದೆ, ನಮ್ಮಲ್ಲಿ ಖಾತೆಗೆ ಸೇರಿಸಿರಲಿಲ್ಲ ಅಂದ್ರು. ತಿಂಗಳ ಕೊನೆಗೆ ಬಾಕಿ ಎಲ್ಲಾ ಸೇರಿ ಬಂತು. ಇಮೇಲ್ ಚಿಕ್ಕದಾದ್ದಕ್ಕೇ ಬಂತು ಅಂತ ನಾನೇನೂ ಆಣೆ ಮಾಡೋಲ್ಲ. ಎರಡನೇ ಸಲ ಬರೆದದ್ದಕ್ಕೂ ಇರಬಹುದು. ಆದ್ರೆ ಈ ಸಲ ಅವರು ನನ್ನನ್ನ ಏನೂ ಕೇಳೋ ಹಾಗಿರಲಿಲ್ಲ. ಕೇಳಬೇಕಾದ್ದೆಲ್ಲಾ ಅದರಲ್ಲೇ ಇತ್ತು.

ಚನ್ನರಾಯಪಟ್ಟಣಕ್ಕೆ ಹೋದಾಗ ಅತ್ತೆ ಎರಡೂ ಇಮೇಲ್ ಓದಿಸಿಕೊಂಡು ಕೇಳಿದ್ರು. ಒಣಕಲು ಅಂತಾರೇನೋ ಅಂದುಕೊಂಡಿದ್ದೆ. "ಎರಡನೇದೇ ಚೆನ್ನಾಗಿದೆ ಕಣಮ್ಮ. ಮೊದಲನೇದರಲ್ಲಿ ನಿಮ್ಮ ಮಾವ ಇದ್ರು, ನೀನಿದ್ದೆ, ನನ್ನ ಸೊಂಟ ಇತ್ತು. ಇದರಲ್ಲಿ ನನ್ನ ಹೆಸರಿದೆ" ಅಂದ್ರು.