ಆ ಪತ್ರ ವಜಾಪತ್ರವಾಗಿರಲಿಲ್ಲ

ಕಳೆದ ವರ್ಷ ಯುಗಾದಿಯ ಸಂಜೆ ನಮ್ಮ ಮನೆಗೆ ಬಂದಿದ್ದ ದಾವಣಗೆರೆ ಮೂಲದ ಹೆಣ್ಣುಮಗಳೊಬ್ಬಳು, ಊಟ ಮುಗಿದು ಉಳಿದವರೆಲ್ಲ ಹರಟೆಯಲ್ಲಿ ತೊಡಗಿದ್ದಾಗ, ಕೈಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮುಂದಿಟ್ಟಳು. 'ಸರ್, ಕೆಲಸದಿಂದ ತೆಗೀತಿದ್ದಾರೆ ಅನ್ಸುತ್ತೆ' ಎಂದಳು. ಬೆರಳ ಗೆಣ್ಣುಗಳು ಊದಿಕೊಂಡಿದ್ದುದರಿಂದ ಲಕೋಟೆಯಿಂದ ಕಾಗದವನ್ನು ಹೊರಗೆಳೆಯಲೂ ಆಕೆಗೆ ಕಷ್ಟವಾಗುತ್ತಿತ್ತು.

ಆಕೆ ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ದೊಡ್ಡ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಜರ್ಮನಿಗೆ ಬಂದು ಹತ್ತು ತಿಂಗಳಾಗಿತ್ತು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ, ಉಲ್ಬಣಿಸಿ ಒಂಬತ್ತು ವಾರ ರಜೆಯಲ್ಲಿದ್ದಳು. ಆ ಪತ್ರವನ್ನು ನಾನು ಎರಡು ಸಲ ಓದಿದೆ. ಅದು ವಜಾಪತ್ರವಾಗಿರಲಿಲ್ಲ. ಹನ್ನೆರಡು ತಿಂಗಳ ಅವಧಿಯಲ್ಲಿ ಆರು ವಾರಕ್ಕಿಂತ ಹೆಚ್ಚು ಕಾಲ ಅನಾರೋಗ್ಯದಿಂದ ಗೈರಾದ ಪ್ರತಿಯೊಬ್ಬ ನೌಕರನಿಗೂ ಮಾಲೀಕ ಕಳುಹಿಸಲೇಬೇಕಾದ ಆಹ್ವಾನವದು. ಇಲ್ಲಿ ಅದನ್ನು ಚುಟುಕಾಗಿ 'ಬೆಮ್' ಎನ್ನುತ್ತಾರೆ. ಕಾಯಿಲೆಯಿಂದ ಎದ್ದವರು ಕೆಲಸವನ್ನು ಉಳಿಸಿಕೊಂಡು ಮರಳುವುದು ಹೇಗೆಂದು ಕುಳಿತು ಮಾತಾಡುವ ಸಭೆ. ಹೋಗುವುದೂ ಬಿಡುವುದೂ ನೌಕರನ ಇಚ್ಛೆ. ಅಲ್ಲಿ ರೋಗದ ಹೆಸರನ್ನು ಹೇಳಬೇಕಾದ ಕಟ್ಟುಪಾಡೂ ಇಲ್ಲ.

ಆಕೆ ಮನಸ್ಸಿನಲ್ಲಿ ಆಗಲೇ ಎರಡು ದಾರಿಗಳನ್ನು ಗೊತ್ತುಮಾಡಿಕೊಂಡಿದ್ದಳು. ಒಂದು, ವಾರದ ಗಂಟೆಗಳನ್ನು ಶೇಕಡ 60ಕ್ಕೆ ಇಳಿಸಿಕೊಳ್ಳುವುದು. ಇನ್ನೊಂದು, ಹೇಗೂ ಇಲ್ಲಿ ಹೆಸರು ಕೆಟ್ಟಿತೆಂದು ಬಗೆದು, ಹತ್ತು ಸಾವಿರ ಯೂರೋ ಹೆಚ್ಚು ಕೊಡಲು ಮುಂದೆ ಬಂದಿದ್ದ ಸಲಹಾ ಕಂಪನಿಗೆ ಸೇರುವುದು. ಎರಡೂ ತಪ್ಪು ಹೆಜ್ಜೆಗಳೆಂದು ನನಗೆ ತೋರಿತು. ಆಕೆಯ ಒಪ್ಪಿಗೆ ಪಡೆದು ಆ ಲೆಕ್ಕಾಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇದೇ ತಪ್ಪನ್ನು ಮಾಡಲು ಹೊರಟ ನಮ್ಮವರನ್ನು ನಾನು ಹಲವು ಸಲ ಕಂಡಿದ್ದೇನೆ.

ಮೊದಲಿಗೆ ಸಂಬಳ ಹೆಚ್ಚಿನ ಕಂಪನಿಯ ಮಾತು. ಅಲ್ಲಿ ಸೋಮವಾರದಿಂದ ಗುರುವಾರದವರೆಗೆ ಗಿರಾಕಿಗಳ ಊರಿನಲ್ಲಿರಬೇಕು, ಬೆಳಗಿನ ಆರರ ರೈಲು ಹಿಡಿಯಬೇಕು. ಸಂಧಿವಾತದವರ ಕೀಲುಗಳು ಬೆಳಗಿನ ಹೊತ್ತು ಒಂದು ಗಂಟೆಗೂ ಮೀರಿ ಬಿಗಿದುಕೊಂಡಿರುತ್ತವೆ. ಆ ರೋಗದ ಗುರುತೇ ಅದು. ಅದಕ್ಕಿಂತ ಗಂಭೀರವಾದ ವಿಷಯ ಬೇರೆ ಇತ್ತು. ಜರ್ಮನಿಯಲ್ಲಿ ವಜಾ ವಿರುದ್ಧದ ರಕ್ಷಣೆ, ಅರೆಕಾಲಿಕ ಕೆಲಸ ಕೇಳುವ ಸಾಮಾನ್ಯ ಹಕ್ಕು ಎರಡೂ ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಮಾತ್ರ ಸಿಗುತ್ತವೆ. ಹೊಸ ಕೆಲಸದ ಮೊದಲ ನಾಲ್ಕು ವಾರ ಕಾಯಿಲೆ ಬಿದ್ದರೆ ಮಾಲೀಕ ಸಂಬಳವನ್ನೂ ಕೊಡಬೇಕಿಲ್ಲ. ರೋಗ ಇನ್ನೂ ಹತೋಟಿಗೆ ಬರದಿದ್ದಾಗ ಕೆಲಸ ಬದಲಿಸುವವರು, ಗಳಿಸಿದ ರಕ್ಷಣೆಯನ್ನೆಲ್ಲ ಬಾಗಿಲಲ್ಲೇ ಬಿಟ್ಟು ಹೊರನಡೆದಂತೆ.

ಇನ್ನು ಶೇಕಡ 60ರ ಮಾತು. ಆಕೆಯ ವಾರ್ಷಿಕ ಸಂಬಳ 62,000 ಯೂರೋ. ಶೇಕಡ 60 ಅಂದರೆ 37,200. ಆಕೆ ಇಲ್ಲಿರುವುದು ನೀಲಿ ಕಾರ್ಡಿನ ಮೇಲೆ, ಅಂದರೆ ಬ್ಲೂ ಕಾರ್ಡ್. 2025ರಲ್ಲಿ ಅದಕ್ಕೆ ಬೇಕಾದ ಕನಿಷ್ಠ ಸಂಬಳ 48,300 ಯೂರೋ. ಐಟಿಯಂತಹ ಕೊರತೆಯ ವೃತ್ತಿಗಳಿಗೆ 43,759 ಯೂರೋ 80 ಸೆಂಟ್. ಅರೆಕಾಲಿಕ ಕೆಲಸಕ್ಕೆ ನೀಲಿ ಕಾರ್ಡಿನಲ್ಲಿ ಅಡ್ಡಿಯೇನೂ ಇಲ್ಲ. ಆದರೆ ಗಂಟೆ ಇಳಿಸಿದಾಗ ಕನಿಷ್ಠ ಸಂಬಳ ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. 37,200ಕ್ಕೆ ಸಹಿ ಹಾಕಿದ್ದರೆ ವಾಸದ ಅನುಮತಿಯ ತಳಪಾಯವೇ ಅಲುಗಾಡುತ್ತಿತ್ತು. ಶೇಕಡ 80ಕ್ಕೆ ಇಳಿಸಿದರೆ 49,600. ಎರಡೂ ಮಿತಿಗಳಿಗಿಂತ ಮೇಲೆ. ಜರ್ಮನ್ ಸಹೋದ್ಯೋಗಿಗಳು ಪ್ರೀತಿಯಿಂದಲೇ 'ಅರ್ಧ ದಿನ ಮಾಡು' ಎಂದು ಆಕೆಗೆ ಸಲಹೆ ಕೊಟ್ಟಿದ್ದರು. ಈ ಲೆಕ್ಕ ಅವರಿಗೆ ಹೊಳೆಯುವ ಸಂಭವವೇ ಇಲ್ಲ. ಅವರಿಗೆ ವೀಸಾ ಎಂಬುದೊಂದಿಲ್ಲವಲ್ಲ.

ಕಾಯಿಲೆಯ ನಡುವೆ ಗಂಟೆ ಇಳಿಸಬಾರದೆನ್ನಲು ಇನ್ನೊಂದು ಕಾರಣವಿದೆ. ಇಲ್ಲಿ ಮೊದಲ ಆರು ವಾರ ಮಾಲೀಕ ಪೂರ್ಣ ಸಂಬಳ ಕೊಡುತ್ತಾನೆ. ಆಮೇಲೆ ಸಾರ್ವಜನಿಕ ಆರೋಗ್ಯ ವಿಮೆಯವರು 'ಕ್ರಾಂಕನ್‌ಗೆಲ್ಡ್' ಎಂಬ ರೋಗಭತ್ಯೆ ಕೊಡುತ್ತಾರೆ. ಒಟ್ಟು ಸಂಬಳದ ಶೇಕಡ 70, ಕೈಗೆ ಬರುವ ಸಂಬಳದ ಶೇಕಡ 90ನ್ನು ಮೀರದಂತೆ. ಒಂದೇ ಕಾಯಿಲೆಗೆ ಮೂರು ವರ್ಷಗಳಲ್ಲಿ ಹೆಚ್ಚೆಂದರೆ 78 ವಾರ, ಸಂಬಳ ಬಂದ ಆ ಆರು ವಾರವೂ ಅದರೊಳಗೇ ಸೇರಿ. ಇದರ ಲೆಕ್ಕ ಕಾಯಿಲೆ ಬೀಳುವ ಮುಂಚಿನ ಸಂಬಳದ ಮೇಲೆ. ಗಡಿಬಿಡಿಯಲ್ಲಿ ಗಂಟೆ ಇಳಿಸಿ, ಮುಂದೆ ರೋಗ ಮರುಕಳಿಸಿದರೆ ಭತ್ಯೆಯೂ ಇಳಿದ ಸಂಬಳದ ಲೆಕ್ಕಕ್ಕೇ ಬರುತ್ತದೆ. ಪಿಂಚಣಿಯೂ ಹಾಗೆಯೇ.

ಹಾಗಾದರೆ ಮಾಡಬೇಕಾದದ್ದೇನು? 'ನೋಡಮ್ಮ, ಸದ್ಯ ಯಾವುದಕ್ಕೂ ಸಹಿ ಹಾಕಬೇಡ. ಮೊದಲು ಹ್ಯಾಂಬರ್ಗ್ ಮಾದರಿ ಕೇಳು' ಎಂದೆ. ಹಂತಹಂತವಾಗಿ ಕೆಲಸಕ್ಕೆ ಮರಳುವ ವ್ಯವಸ್ಥೆಗೆ ಇಲ್ಲಿ ರೂಢಿಯಲ್ಲಿರುವ ಹೆಸರು ಅದು. ವೈದ್ಯರು ಒಂದು ಪಟ್ಟಿ ಬರೆದುಕೊಡುತ್ತಾರೆ. ಆಕೆಯದು ಎರಡು ವಾರ ದಿನಕ್ಕೆ ಎರಡು ಗಂಟೆ, ಮತ್ತೆರಡು ವಾರ ನಾಲ್ಕು ಗಂಟೆ, ಅದಾದ ಮೇಲೆ ಎರಡು ವಾರ ಆರು ಗಂಟೆ. ಈ ಅವಧಿಯಲ್ಲಿ ಕಾನೂನಿನ ದೃಷ್ಟಿಯಲ್ಲಿ ಆಕೆ ಇನ್ನೂ ರೋಗಿಯೇ. ಸಂಬಳವಲ್ಲ, ರೋಗಭತ್ಯೆ ಬರುತ್ತದೆ. ಮೈಗೆ ಒಗ್ಗದಿದ್ದರೆ ನಿಲ್ಲಿಸಬಹುದು.

ಈ ಆರು ವಾರವನ್ನು ಕೇವಲ ಚೇತರಿಕೆಯ ಕಾಲವೆಂದು ಕಾಣದೆ ಪರೀಕ್ಷೆಯ ಕಾಲವೆಂದು ಕಾಣಬೇಕೆಂಬುದು ನನ್ನ ಅಭಿಪ್ರಾಯ. ಪ್ರತಿದಿನ ಮೂರು ಸಂಗತಿಗಳನ್ನು ಬರೆದಿಡಲು ಹೇಳಿದೆ: ಬೆರಳು ಸಡಿಲವಾದ ಹೊತ್ತು, ದಣಿವು ಆವರಿಸಿದ ಹೊತ್ತು, ಆ ದಿನ ಮಾಡಿದ ಕೆಲಸ. ಪುಟಗಳನ್ನು ಕೂಡಿ ಕುಳಿತು ನೋಡಿದಾಗ ನಾನು ಊಹಿಸಿದ್ದಕ್ಕಿಂತ ಬೇರೆಯೇ ಚಿತ್ರ ಕಂಡಿತು. ವಾರದ ನಡುವೆ ಒಂದು ಇಡೀ ದಿನ ಬಿಡುವು ಬೇಕಾದೀತೆಂದು ನಾನು ಎಣಿಸಿದ್ದೆ. ಆಕೆಗೆ ತೊಂದರೆ ಕೊಡುತ್ತಿದ್ದುದು ದಿನಗಳ ಸಂಖ್ಯೆಯಲ್ಲ, ದಿನದ ಉದ್ದ. ಹತ್ತು ಗಂಟೆಗೆ ಆರಂಭಿಸಿದರೆ ಸಂಜೆ ನಾಲ್ಕರವರೆಗೆ ನಿರಾಯಾಸ. ಐದು ದಾಟಿದರೆ ಮರುದಿನ ಬೆಳಗಿನ ಬಿಗಿತ ಎರಡು ಗಂಟೆಯಷ್ಟಾಗುತ್ತಿತ್ತು. ಶನಿವಾರ ರಾತ್ರಿ ತೆಗೆದುಕೊಳ್ಳುತ್ತಿದ್ದ ಮೆಥೊಟ್ರೆಕ್ಸೇಟ್‌ನ ಓಕರಿಕೆ, ಮಂಪರು ಸೋಮವಾರದವರೆಗೂ ಎಳೆಯುತ್ತಿದ್ದವು. ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧಿಯದು. ಚಿಕಿತ್ಸೆ ನೀಡುತ್ತಿದ್ದ ತಜ್ಞರನ್ನು ಕೇಳಿಕೊಂಡು ಅದನ್ನು ಶುಕ್ರವಾರ ರಾತ್ರಿಗೆ ಬದಲಿಸಿದ ಮೇಲೆ ಸೋಮವಾರ ಆಕೆಯದಾಯಿತು.

ಆ ಕಂಪನಿಯಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 35 ಗಂಟೆ. ಪಶ್ಚಿಮ ಜರ್ಮನಿಯ ಲೋಹೋದ್ಯಮದಲ್ಲಿ 1995ರಿಂದ ಜಾರಿಯಲ್ಲಿರುವ ಒಪ್ಪಂದವದು. ಅದರ ಶೇಕಡ 80 ಅಂದರೆ 28 ಗಂಟೆ, ಐದು ದಿನಕ್ಕೆ ಹಂಚಿದರೆ ದಿನಕ್ಕೆ ಐದೂವರೆ ಗಂಟೆಗಿಂತ ತುಸು ಹೆಚ್ಚು. ದಿನಚರಿ ಹೇಳಿದ್ದೂ ವೀಸಾದ ಲೆಕ್ಕ ಹೇಳಿದ್ದೂ ಅದನ್ನೇ.

ಕೇಳುವ ಕ್ರಮವನ್ನು ತುಸು ವಿವರವಾಗಿ ಹೇಳಬೇಕು, ಬಹಳ ಮಂದಿ ಎಡವುವುದು ಇಲ್ಲಿಯೇ. ನೌಕರರ ಸಂಖ್ಯೆ 45ನ್ನು ಮೀರಿದ ಕಂಪನಿಗಳಲ್ಲಿ, 2019ರಿಂದ, ಒಂದರಿಂದ ಐದು ವರ್ಷದ ಗೊತ್ತಾದ ಅವಧಿಗೆ ಗಂಟೆ ಇಳಿಸಿಕೊಂಡು ಮತ್ತೆ ಪೂರ್ಣಾವಧಿಗೆ ಮರಳುವ ಹಕ್ಕಿದೆ. ಹೆಸರು 'ಬ್ರೂಕನ್‌ಟೈಲ್‌ಟ್ಸೈಟ್', ಸೇತುವೆಯಂತಹ ಅರೆಕಾಲಿಕ ಎಂದರ್ಥ. ಅವಧಿ ನಮೂದಿಸದೆ ಕೇಳಿದರೆ ಇಳಿಕೆ ಶಾಶ್ವತವಾಗುತ್ತದೆ, ಮರಳುವ ಖಾತರಿ ಇರುವುದಿಲ್ಲ. ಅರ್ಜಿಯನ್ನು ಬಯಸಿದ ದಿನಕ್ಕೆ ಮೂರು ತಿಂಗಳು ಮುಂಚೆ, ಬರಹದಲ್ಲಿ ಕೊಡಬೇಕು. ಮೇಲಧಿಕಾರಿಯೊಡನೆ ಕಾಫಿ ಕುಡಿಯುತ್ತ ಹೇಳಿದ್ದು ಅರ್ಜಿಯಲ್ಲ. ದಿನದ ಗಂಟೆಗಳ ಹಂಚಿಕೆಯನ್ನೂ ಅದರಲ್ಲೇ ಸೇರಿಸಬೇಕು. ಮಾಲೀಕ ಆ ದಿನಕ್ಕೆ ಒಂದು ತಿಂಗಳು ಮುಂಚಿತವಾಗಿ ಬರಹದಲ್ಲಿ ನಿರಾಕರಿಸದಿದ್ದರೆ, ಕೇಳಿದಂತೆಯೇ ಗಂಟೆಗಳು ಇಳಿದವೆಂದು ಕಾನೂನು ಭಾವಿಸುತ್ತದೆ. ಆಕೆ ಜೂನ್ ಮೂರನೇ ವಾರ ಅರ್ಜಿ ಕೊಟ್ಟಳು. ಅಕ್ಟೋಬರ್ 1ರಿಂದ ಒಂದು ವರ್ಷದ ಮಟ್ಟಿಗೆ 28 ಗಂಟೆ ಮಂಜೂರಾಯಿತು.

ಅರ್ಜಿಯಲ್ಲಿ ಕಾರಣ ಬರೆಯಬೇಕಿಲ್ಲ. ಆಕೆ ಬರೆಯಲೂ ಇಲ್ಲ. ಕಾಯಿಲೆಯನ್ನು ಮುಚ್ಚಿಡುವ ನಮ್ಮವರ ಅಭ್ಯಾಸವನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಇಲ್ಲಿಯೂ ಅರೆಕಾಲಿಕದವರನ್ನು ಮುಖ್ಯ ಯೋಜನೆಗಳಿಂದ ಸದ್ದಿಲ್ಲದೆ ದೂರವಿಡುವುದುಂಟು. ಆದರೆ ಕಂಪನಿಯ ವೈದ್ಯರಿಂದ ಮುಚ್ಚಿಡುವುದು ವ್ಯರ್ಥ. ಅವರು ರೋಗದ ಗುಟ್ಟನ್ನು ಮಾಲೀಕರಿಗೆ ಹೇಳಿದರೆ ಅದು ದಂಡನಾರ್ಹ ಅಪರಾಧ. ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನಷ್ಟೇ ತಿಳಿಸುತ್ತಾರೆ.

ಇದನ್ನು ಹೇಳುತ್ತಿರುವವನು ಅಂತಹ ಕಂಪನಿ ವೈದ್ಯನೇ. ಕರ್ನಾಟಕದಲ್ಲಿ ಎಂಡಿ ಮುಗಿಸಿ ಇಲ್ಲಿನ ಆಸ್ಪತ್ರೆಯೊಂದರ ಒಳರೋಗ ವಿಭಾಗದಲ್ಲಿದ್ದೆ. ಬೆನ್ನುಮೂಳೆಯ ಕೀಲುಗಳು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ನನಗೂ ಇದೆ. ರಾತ್ರಿಯ ಉತ್ತರಾರ್ಧದಲ್ಲಿ ನೋವು ಹೆಚ್ಚಿಸುವ ರೋಗ. ತಿಂಗಳಿಗೆ ಆರು ರಾತ್ರಿಪಾಳಿ ನಿರ್ವಹಿಸಿ, ಆಸ್ಪತ್ರೆಯ ಕಿರುಮಂಚದಿಂದ ಏಳಲಾಗದ ಒಂದು ಬೆಳಗಿನ ನಂತರ ಔದ್ಯೋಗಿಕ ವೈದ್ಯಕೀಯಕ್ಕೆ ಬದಲಾದೆ. ಒಳರೋಗ ವಿಭಾಗದಲ್ಲಿ ಕಳೆದ ವರ್ಷಗಳಲ್ಲಿ ಎರಡನ್ನು ಹೊಸ ತರಬೇತಿಯ ಲೆಕ್ಕಕ್ಕೆ ಹಿಡಿದರು. ವರಮಾನ ಇಳಿಯಿತು. ಊರಿನ ಸಹಪಾಠಿಯೊಬ್ಬ 'ಫ್ಯಾಕ್ಟರಿ ಡಾಕ್ಟರ್ ಆದೆಯಾ?' ಎಂದು ಕೇಳಿದ್ದು ಇನ್ನೂ ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ. ಆದರೆ ನನ್ನ ಆಯ್ಕೆಯಲ್ಲೂ ತಪ್ಪಿತ್ತು. ರಾತ್ರಿ ಕೆಲಸ ಆರೋಗ್ಯಕ್ಕೆ ಹಾನಿಕರವೆಂದು ವೈದ್ಯಕೀಯವಾಗಿ ಸಿದ್ಧಪಟ್ಟರೆ, ತುರ್ತು ಅಡ್ಡಿಗಳಿಲ್ಲದಿದ್ದಲ್ಲಿ, ರಾತ್ರಿ ಪಾಳಿಯವರು ಹಗಲಿನ ಕೆಲಸ ಕೇಳಬಹುದೆಂಬುದು ಆಗ ನನಗೆ ತಿಳಿದಿರಲಿಲ್ಲ. ಇಲ್ಲಿಗೆ ಬರುತ್ತಿರುವ ನಮ್ಮ ನರ್ಸ್‌ಗಳಿಗೆ ನಾನು ಅದನ್ನು ತಪ್ಪದೆ ಹೇಳುತ್ತೇನೆ.

ಆಕೆಯ ಕತೆ ಇನ್ನೂ ಮುಗಿದಿಲ್ಲ. ನೀಲಿ ಕಾರ್ಡಿನವರಿಗೆ 27 ತಿಂಗಳ ಕೆಲಸದ ನಂತರ, ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ಮುಟ್ಟಿದರೆ 21 ತಿಂಗಳಿಗೇ, ಕಾಯಂ ವಾಸದ ಅನುಮತಿ ಕೇಳಬಹುದು. ಅದು ಸಿಕ್ಕರೆ ನೀಲಿ ಕಾರ್ಡಿನ ಕನಿಷ್ಠ ಸಂಬಳದ ಚಿಂತೆ ಇಲ್ಲ. ಸಂಜೆಯ ಹೊತ್ತು ಉಳಿದ ಗಂಟೆಗಳಲ್ಲಿ ಆಕೆ ಬಿ1 ಓದಿದಳು. ಇನ್ನೊಂದು ತೊಡಕಿದೆ: ಸೇತುವೆಯ ವರ್ಷ ಮುಗಿದು ಪೂರ್ಣಾವಧಿಗೆ ಮರಳಿದರೆ, ಅದೇ ಕಾಯ್ದೆಯಡಿ ಮತ್ತೆ ಇಳಿಕೆ ಕೇಳಲು ಒಂದು ವರ್ಷ ಕಾಯಬೇಕು. ಆ ಅಂತರವನ್ನು ದಾಟಲು ಅಂಗವೈಕಲ್ಯದ ಕಾನೂನಿನ ದಾರಿಯಿದೆ. ಭಾರತದ 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಸಂಧಿವಾತದ ಹೆಸರಿಲ್ಲ. ಇಲ್ಲಿ ರೋಗದ ಹೆಸರನ್ನಲ್ಲ, ಅದು ಬದುಕನ್ನು ಎಷ್ಟು ಕುಗ್ಗಿಸಿದೆ ಎಂಬುದನ್ನು ಅಳೆದು ಅಂಕ ಕೊಡುತ್ತಾರೆ. 50 ಮುಟ್ಟಿದವರು ಕಾಯಿಲೆಯ ಕಾರಣಕ್ಕೆ ಕಡಿಮೆ ಗಂಟೆ ಅಗತ್ಯವೆಂದು ತೋರಿಸಿ ಯಾವಾಗ ಬೇಕಾದರೂ ಇಳಿಕೆ ಕೇಳಬಹುದು. 30 ಅಥವಾ 40 ಸಿಕ್ಕವರು ಕೆಲಸ ಉಳಿಸಿಕೊಳ್ಳಲು ಅಗತ್ಯವೆಂದು ತೋರಿಸಿ ಅವರ ಸಮಾನ ಸ್ಥಾನವನ್ನು ಉದ್ಯೋಗ ಇಲಾಖೆಯಿಂದ ಪಡೆಯಬಹುದು. 50ರವರಿಗೆ ಸಿಗುವ ಐದು ದಿನದ ಹೆಚ್ಚುವರಿ ರಜೆ ಇವರಿಗಿಲ್ಲ.

'ಅಂಗವಿಕಲೆ ಅಂತ ಬರೆಸಿಕೊಳ್ಳಬೇಕಾ ಸರ್?' ಎಂದು ಆಕೆ ಬಹಳ ಹಿಂಜರಿದಳು. ದಾವಣಗೆರೆಗೆ ಈ ಸುದ್ದಿ ಮುಟ್ಟಬಾರದೆಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆಯೇ ಅರ್ಜಿ ಹಾಕಿದ್ದು. ಸಿಕ್ಕಿದ್ದು 30. ಸಮಾನ ಸ್ಥಾನದ ಅರ್ಜಿ ಈಗ ಇಲಾಖೆಯ ಮೇಜಿನ ಮೇಲಿದೆ.